ಬಾಯಿಗೆ ಬಂದ ಸೀಸ ಪದ್ಯ

ನಮ್ಮ ಕನ್ನಡ ಮೇಷ್ಟ್ರ ಬಲಗೈ ಹೆಬ್ಬೆರಳು ಸುಮ್ಮನಿದ್ದದ್ದನ್ನು ಬಹುಕಾಲ ನಾನು ನೋಡಿರಲಿಲ್ಲ. ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಅದು ಓಡಾಡುತ್ತಲೇ ಇರುತ್ತಿತ್ತು. ಗೆರೆಗಳಲ್ಲಿ ಸೀಮೆಸುಣ್ಣ ಕೂತು ಬೆರಳು ಬೆಳ್ಳಗೆ ಬಿರುಕು ಬಿಟ್ಟಂತೆ ಕಾಣುತ್ತಿತ್ತು. ಜಪವಲ್ಲ, ಅವರು ಪದ್ಯದ ಮಾತ್ರೆ ಎಣಿಸುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರು ಊರಿನ ಹೆಸರು ಕೂಗಿದರೂ ಸಾಕು, ಬೆರಳು ಓಡುತ್ತಿತ್ತು.

"ತಿಪಟೂರು, ಶೆಟ್ಟಿಕೆರೆ, ಎರಡೂ ಐದೈದು ಮಾತ್ರೆ ಕಣಮ್ಮ. ಕಿಬ್ಬನಹಳ್ಳಿ ಏಳು. ಅದು ಸೀಸಕ್ಕೆ ಬರಲ್ಲ, ಬುಡು" ಎಂದು ನಗುತ್ತಿದ್ದರು.

ನಾನು ಅವರ ಹೈಸ್ಕೂಲಿನಲ್ಲೇ ಓದಿ, ತಿಪಟೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಅದೇ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದವಳು. ಅವರಿಗೆ ಸೀಸ ಪದ್ಯ ಬಂದದ್ದು ಪುಸ್ತಕದಿಂದಲ್ಲ, ಊರೂರಿನ ಪೌರಾಣಿಕ ನಾಟಕಗಳಿಂದ. ಹರೆಯದಲ್ಲಿ ಹಾರ್ಮೋನಿಯಂ ಪಕ್ಕ ನಿಂತು ಕಂದ, ವೃತ್ತ, ಸೀಸ ಹಾಡಿದ್ದರು. "ನಾಟಕದಲ್ಲಿ ಸೀಸ ಅಂದ್ರೆ ಗದೆ ಎತ್ಕೊಂಡು ಸವಾಲು ಹಾಕೋಕೆ. ನಾನು ಅದನ್ನ ದಯೆ ಕಡೆ ಬಗ್ಗಿಸ್ದೆ" ಎನ್ನುತ್ತಿದ್ದರು.

ಶನಿವಾರ ಬೆಳಗ್ಗೆ ನೀತಿಪಾಠದ ಅವಧಿ ಅವರದು. ಅದಕ್ಕೆಂದೇ ಅವರು ಕಟ್ಟಿದ ಪದ್ಯ ಇದು. ನಾವೆಲ್ಲ ಇದನ್ನು ಕಲಿತೇ ದೊಡ್ಡವರಾದದ್ದು.

ಯಾರೆಂದು ಕೇಳದೇ ನೀರನ್ನು ನೀಡುವಾ
  ಕೈಯಲ್ಲಿ ಮೂಡೀತು ದಯೆಯ ಬೆಳಕು
ನೋವಲ್ಲಿ ನರಳುವಾ ಜೀವಕ್ಕೆ ಹೆಗಲಾಗಿ
  ಬಂದಾಗ ಹಸನಾಯ್ತು ನಮ್ಮ ಬದುಕು
ಮಾತಲ್ಲಿ ಮುಳ್ಳಿಟ್ಟು ಮನಸನ್ನು ಚುಚ್ಚದೇ
  ಮೆಲ್ಲಗೇ ನುಡಿದರೇ ಅದುವೆ ಸಾಕು
ಎಲ್ಲಾರು ತೊರೆದಾಗ ಒಬ್ಬಂಟಿ ಮನುಜನಾ
  ಬೆನ್ನಿಗೇ ನಾವಾಗಿ ನಿಲ್ಲಬೇಕು

ಹಲಗೆಯ ಮೇಲೆ ಎಂಟು ಸಾಲು ಕಂಡರೂ ಇವು ನಾಲ್ಕೇ ಪಾದ. ಒಂದೊಂದೂ ಅಷ್ಟು ಉದ್ದ, ನಡುವೆ ಒಮ್ಮೆ ಉಸಿರು ತೆಗೆದುಕೊಳ್ಳಲೇಬೇಕು. ಪಾದಕ್ಕೆ ಐದು ಮಾತ್ರೆಯ ಆರು ಗಣ, ಕೊನೆಗೆ ಮೂರು ಮಾತ್ರೆಯ ಎರಡು. 'ಯಾರೆಂದು' ಎಂಬಲ್ಲಿ ಯಾ ಎರಡು, ರೆಂ ಎರಡು, ದು ಒಂದು. ಹೀಗೆ ಐದೈದಾಗಿ ತೂಗುತ್ತ ಬಂದ ನಡೆ 'ದಯೆಯ', 'ಬೆಳಕು' ಎಂಬಲ್ಲಿಗೆ ಬಂದಾಗ ತಟ್ಟನೆ ಚಿಕ್ಕದಾಗಿ ನೆಲಕ್ಕೆ ಕಾಲೂರುತ್ತದೆ. ಸೀಸದ ಕೆಳಗೆ ಗೀತವೆಂಬ ಕಿರುಪದ್ಯ ಸೇರಿಸುವುದು ವಾಡಿಕೆ. ಮಕ್ಕಳಿಗೆ ಭಾರವೆಂದು ಅದನ್ನು ಬಿಟ್ಟಿದ್ದರು. ನಾಲ್ಕು ಪಾದದ ಕೊನೆಗೂ ಒಂದೇ ಪ್ರಾಸ ಇಟ್ಟದ್ದು ಬಾಯಿಪಾಠಕ್ಕೆ ಸುಲಭವಾಗಲೆಂದು.

ಕಲಿಸುವ ರೀತಿಯೂ ಅವರದೇ. ಪಾದವನ್ನು ತಾವು ಹಾಡಿ, ಕೊನೆಯ ಎರಡು ಗಣ ಬಾಕಿ ಇರುವಾಗ ಕೈ ಚಾಚಿ ನಿಂತುಬಿಡುತ್ತಿದ್ದರು. ಇಡೀ ತರಗತಿ "ದಯೆಯ ಬೆಳಕು" ಎಂದು ತುಂಬಿಕೊಡಬೇಕು. ಎಂಥ ದಡ್ಡನಿಗೂ ಅದು ಬರುತ್ತಿತ್ತು. ಪ್ರಾಸ ತಾನಾಗಿ ಎಳೆದುಕೊಂಡು ಹೋಗುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಅವರ ಸ್ಕೂಟರಿನಲ್ಲಿ ತಿಪಟೂರಿನ ಕಡೆ ಬರುತ್ತಿದ್ದೆವು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಮೊಬೈಲುಗಳಲ್ಲಿ ಸುತ್ತುತ್ತಿದ್ದ ಕಾಲ ಅದು. ದಾರಿಯ ಒಂದು ಹಳ್ಳಿಯಲ್ಲಿ ಗುಂಪು ಸೇರಿತ್ತು. ಆ ಊರಿನ ಹೆಸರು ಬರೆಯಲಾರೆ. ನಡುವೆ ಒಬ್ಬ ಮನುಷ್ಯ ಮೊಣಕಾಲೂರಿ ಕೂತಿದ್ದ. ಕನ್ನಡ ಬಾರದವನು. ಅಂಗಡಿಯ ಮುಂದೆ ಅಳುತ್ತಿದ್ದ ಮಗುವಿಗೆ ಒಂದು ಬನ್ನು ಕೊಟ್ಟಿದ್ದನಂತೆ. ಅಷ್ಟಕ್ಕೆ ಮೂಗು ಬಾಯಿ ಒಡೆದು ರಕ್ತ ಸುರಿಯುತ್ತಿತ್ತು.

ನಾನು ಪೊಲೀಸರಿಗೆ ಫೋನು ಮಾಡುವಷ್ಟರಲ್ಲಿ ಮೇಷ್ಟ್ರು ಒಳಗೆ ನುಗ್ಗಿ ಅವನ ಬೆನ್ನಿಗೆ ನಿಂತಿದ್ದರು. ನಾನೂ ಹೋಗಬೇಕೆಂದರೆ ಇಬ್ಬರು ಹೆಂಗಸರು ನನ್ನ ತೋಳು ಹಿಡಿದುಕೊಂಡರು.

ಗುಂಪಿನಲ್ಲಿ ಮುಂದಿದ್ದವರು ಗುರುತಿನವರೇ, ನಮ್ಮ ಶಾಲೆಯಲ್ಲೇ ಓದಿದ, ನನಗಿಂತ ಎರಡು ಮೂರು ವರ್ಷ ಕಿರಿಯರು. ಒಬ್ಬನ ಕೈಯಲ್ಲಿ ದೊಣ್ಣೆಯಂಥ ತೆಂಗಿನ ಹೆಡೆಮಟ್ಟೆ ಇತ್ತು.

"ಮೇಷ್ಟ್ರೇ, ನೀವು ಈಚೆ ಬನ್ನಿ. ನಿಮ್ಗೆ ಗೊತ್ತಾಗಲ್ಲ" ಎಂದ.

"ಏನ್ ಗೊತ್ತಾಗ್ಬೇಕ್ಲಾ? ಪೊಲೀಸ್ರು ಬತ್ತಾರೆ, ಅವ್ರು ವಿಚಾರಿಸ್ಲಿ."

"ಪೊಲೀಸ್ರು ಟೀ ಕುಡ್ಸಿ ಕಳಿಸ್ತಾರೆ ಅಷ್ಟೇಯ. ಬನ್ನಿ ಸಾ, ಏಟು ಬಿದ್ದಾತು."

ಮೇಷ್ಟ್ರು ಸುತ್ತ ನೋಡಿದರು. ಎಲ್ಲ ತಮ್ಮ ತರಗತಿಯ ಬೆಂಚಿನಲ್ಲಿ ಕೂತಿದ್ದ ಮುಖಗಳು. ಏನು ತೋಚಿತೋ, ಗಂಟಲೆತ್ತಿ ಹಾಡಿದರು. "ಯಾರೆಂದು ಕೇಳದೇ ನೀರನ್ನು ನೀಡುವಾ, ಕೈಯಲ್ಲಿ ಮೂಡೀತು..." ಕೈ ಚಾಚಿ ನಿಂತರು.

ಗದ್ದಲ ನಿಂತಿತು. ಹಿಂದಿನಿಂದ ಯಾರೋ "ದಯೆಯ ಬೆಳಕು" ಎಂದರು.

ಬದುಕಿಕೊಂಡ ಆ ಮನುಷ್ಯ ಎಂದುಕೊಂಡೆ. ಇವತ್ತಿಗೂ ಆ ಕ್ಷಣದವರೆಗೆ ಬಂದು ನನ್ನ ಮನಸ್ಸು ನಿಂತುಬಿಡುತ್ತದೆ, ಮುಂದಕ್ಕೆ ಹೋಗಲೊಲ್ಲದು.

ಎರಡನೆಯ ಪಾದ ಹಾಡಿದರು. "ನಮ್ಮ ಬದುಕು" ಎಂದು ಹತ್ತಾರು ದನಿ. ಕೆಲವರು ನಕ್ಕರು. ಮೂರನೆಯದಕ್ಕೆ "ಅದುವೆ ಸಾಕು" ಎಂದು ಗುಂಪೇ ಕೂಗಿತು. ತರಗತಿಯಲ್ಲಿ ಕೂಗುತ್ತಿದ್ದ ಅದೇ ಖುಷಿ ಅದರಲ್ಲಿತ್ತು. ಹಾಗೆ ಕೂಗುತ್ತಲೇ ಹೆಡೆಮಟ್ಟೆಯವನು ಕೈ ಎತ್ತಿದ. ಅವನ ಬಾಯಿ 'ಸಾಕು' ಎನ್ನುತ್ತಿತ್ತು. ನಾನು ನೋಡಿದೆ. ಏಟು ಮೇಷ್ಟ್ರ ಭುಜಕ್ಕೆ ಬಿತ್ತು, ಅವರು ಕುಸಿದರು. ಆಮೇಲೆ ಆ ಮನುಷ್ಯನಿಗೂ ಗುಂಪಿಗೂ ನಡುವೆ ಯಾರೂ ಇರಲಿಲ್ಲ.

ಪೊಲೀಸರು ಬಂದರು. ಆ ಮನುಷ್ಯ ತಿಪಟೂರಿನ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡ. ಕಾಯಿ ಸುಲಿಯುವ ಕೆಲಸ ಹುಡುಕಿಕೊಂಡು ಬಂದಿದ್ದವನು ಎಂದಷ್ಟೇ ಆಮೇಲೆ ತಿಳಿಯಿತು.

ಮೇಷ್ಟ್ರ ಭುಜ ಕೂಡಿಕೊಂಡಿತು. ಶಾಲೆಗೂ ಬಂದರು. ಆದರೆ ಹೆಬ್ಬೆರಳು ಅಲುಗುತ್ತಿರಲಿಲ್ಲ. ಒಂದು ದಿನ ಸ್ಟಾಫ್ ರೂಮಿನಲ್ಲಿ ತಾವಾಗಿ ಹೇಳಿದರು: "ಪ್ರಾಸ ಕೂಡ್ತು ಅಂತ ಎಷ್ಟು ಹಿಗ್ಗಿದ್ದೆ ಕಣಮ್ಮ. ಯೋಚ್ನೆ ಮಾಡ್ದೇನೆ ಹೇಳೋ ಹಂಗೆ ಮಾಡಿಟ್ಟೆ. ಹೇಳ್ಕಂಡೇ ಹೊಡುದ್ರು."

"ನಿಮ್ಮ ತಪ್ಪಲ್ಲ ಸಾರ್" ಎಂದೆ.

"ಹಂಗಂತ ನೀನು ಹೇಳ್ತೀಯ. ನಂಗೆ ಕೇಳ್ಸೋದು ಅವ್ರು ಕೂಗಿದ್ದು."

ಮುಂದಿನ ಶನಿವಾರ ಪದ್ಯವನ್ನೇ ಕೆಡಿಸಿ ತಂದರು. 'ಬೆಳಕು', 'ಬದುಕು', 'ಸಾಕು' ಎಲ್ಲ ಒರೆಸಿ, ಪ್ರಾಸಕ್ಕೆ ಕೂಡದ ಪದಗಳನ್ನು ಹಾಕಿದ್ದರು. ಮಕ್ಕಳು ಎಡವಲಿ, ಎಡವಿದಾಗಲಾದರೂ ಏನು ಹೇಳುತ್ತಿದ್ದೇವೆಂದು ನೋಡಲಿ ಎಂದು. ಮಕ್ಕಳು ಎಡವಲಿಲ್ಲ. ಮೇಷ್ಟ್ರು ಕೈ ಚಾಚಿದಾಗ ಹಲಗೆಯ ಕಡೆ ನೋಡದೆ ಹಳೆಯದನ್ನೇ ಒಕ್ಕೊರಲಿನಿಂದ ಕೂಗಿದರು. "ಇಲ್ಲಿ ಬರ್ದಿರೋದು ಓದ್ರಪ್ಪ" ಎಂದು ಬೇಡಿಕೊಂಡರು. "ಅದು ಕೂಡಲ್ಲ ಸಾರ್, ನಿಮ್ದು ಮೊದ್ಲುದೇ ಚೆನ್ನಾಗಿತ್ತು" ಎಂದಳೊಬ್ಬಳು. ಅವರು ಸೀಮೆಸುಣ್ಣ ಕೆಳಗಿಟ್ಟು ಹೊರಗೆ ಬಂದರು. ನೀತಿಪಾಠದ ಅವಧಿಗೆ ಮತ್ತೆ ಹೋಗಲಿಲ್ಲ.

ಆ ವರ್ಷ ಮುಗಿಯುವುದರೊಳಗೆ ನಿದ್ದೆಯಲ್ಲೇ ಹೃದಯ ನಿಂತು ಹೋದರು. ನಾನು ಕೊನೆಯ ಸಲ ಮಾತಾಡಿಸಿದಾಗ ಅವರು ಕೇಳಿದ್ದು ಆ ಮನುಷ್ಯನ ಬಗ್ಗೆ. ಅವನ ಕಡೆಯವರು ಯಾರಾದರೂ ಬಂದರೇ ಎಂದು. ಬಂದಿರಲಿಲ್ಲ.

ಮಣ್ಣಿಗೆ ಊರೂರಿನಿಂದ ಹಳೆಯ ವಿದ್ಯಾರ್ಥಿಗಳು ಬಂದರು. ಆ ಕೊಲೆಯ ಕೇಸಿನಲ್ಲಿ ಜಾಮೀನಿನ ಮೇಲೆ ಹೊರಗಿದ್ದವರೂ ಬಂದರು. ನಾನು ಮುಖ ತಿರುಗಿಸಿಕೊಂಡೆ. ತೋಟದ ಅಂಚಿನಲ್ಲಿ ಮೇಷ್ಟ್ರನ್ನು ಗುಂಡಿಗೆ ಇಳಿಸುವ ಮೊದಲು ಹೆಡೆಮಟ್ಟೆ ಹಿಡಿದಿದ್ದವನೇ ನನ್ನ ಹತ್ತಿರ ಬಂದ. ಅತ್ತೂ ಅತ್ತೂ ಅವನ ಕಣ್ಣು ಕೆಂಪಾಗಿತ್ತು.

"ಅಕ್ಕಾ, ಮೇಷ್ಟ್ರ ಪದ್ಯ ಹೇಳಿ ಕಳ್ಸಾನ. ಮೊದ್ಲು ನೀವು ಹೇಳಿ, ನಾವು ತುಂಬ್ಕೊಡ್ತೀವಿ."

ನಾನು ಹಿಂದಕ್ಕೆ ಸರಿದೆ. ಅವನು ತಾನೇ ಎತ್ತಿಕೊಂಡ, ಉಳಿದವರು ಸೇರಿಕೊಂಡರು. ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ತೆಗೆದುಕೊಂಡರು, ದನಿ ಇಳಿಸುವಲ್ಲಿ ಇಳಿಸಿದರು. ನಾಲ್ಕನೆಯ ಪಾದದವರೆಗೂ ಒಂದು ಮಾತ್ರೆ ತಪ್ಪಲಿಲ್ಲ.