ಕಿವಿಗೊಂದಿಷ್ಟು ಬಿಡುವು

ಎಪ್ಪತ್ತರ ದಶಕದ ಕೊನೆಗೆ ನಾನು ತರೀಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಹಗಲು ಪಾಳಿಯಲ್ಲಿ ನಾವು ಮೂವರು ಹೆಂಗಸರು. ಊರೊಳಗಿನ ಕರೆಗಳ ಬೋರ್ಡು ನನ್ನದು. ನಾವು ಅಕ್ಕ ಎನ್ನುತ್ತಿದ್ದ ಹಿರಿಯರು ಪರವೂರಿನ ಕರೆಗಳ ಟ್ರಂಕ್ ಬೋರ್ಡಿಗೆ. ಮೂರನೆಯವಳು ಕಿಟಕಿಯಲ್ಲಿ ಕೂತು, ಖುದ್ದಾಗಿ ಬಂದವರ ಕರೆಗಳನ್ನು ಬರೆದುಕೊಳ್ಳುತ್ತಿದ್ದಳು.

ಅಕ್ಕನ ಕೈ ಚುರುಕು ಎಂದು ಸೂಪರ್‌ವೈಸರ್ ಅವರನ್ನು ಅಲ್ಲಿಂದ ಏಳಿಸುತ್ತಲೇ ಇರಲಿಲ್ಲ. ಅಡಿಕೆ ಸುಗ್ಗಿಯಲ್ಲಿ ಕಾಯುವ ಕರೆಗಳ ಚೀಟಿಗಳು ಕರಗುತ್ತಲೇ ಇರಲಿಲ್ಲ. ಒಂದು ಮುಗಿಸಿದರೆ ಎರಡು ಬಂದು ಬೀಳುತ್ತಿದ್ದವು. ಸಂಜೆಗೆ ಅಕ್ಕನ ಧ್ವನಿ ಬತ್ತಿರುತ್ತಿತ್ತು. ಮನೆಯಲ್ಲಿ ಮಕ್ಕಳು ಕರೆದರೂ 'ಲೈನಿನಲ್ಲಿರಿ' ಅನ್ನುತ್ತಿದ್ದರಂತೆ.

ಒಂದು ಮಧ್ಯಾಹ್ನ ಅಜ್ಜಂಪುರದ ಕಡೆಯ ರೈತರೊಬ್ಬರು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆ ಬುಕ್ ಮಾಡಿ ಬೆಂಚಿನ ಮೇಲೆ ಕಾಯುತ್ತಿದ್ದರು. ಮಗಳಿಗೆ ಹೆರಿಗೆ. ಬಹಳ ಹೊತ್ತಿಗೆ ಹುಬ್ಬಳ್ಳಿ ಸಿಕ್ಕಿತು. ಅಕ್ಕ ಅದನ್ನು ಕೊಟ್ಟದ್ದು, ಆಗಷ್ಟೇ ಮಾತು ಮುಗಿಸಿದ್ದ ಅಡಿಕೆ ಮಂಡಿಗೆ. ಮಂಡಿಯವರು ಯಾರೆಂದು ಕೇಳುವಷ್ಟರಲ್ಲಿ ಅತ್ತ ಆಸ್ಪತ್ರೆಯವರು ಫೋನ್ ಇಟ್ಟುಬಿಟ್ಟರು. ರೈತರು ಜಗಳವಾಡಲಿಲ್ಲ. ಮತ್ತೆ ಸರದಿಗೆ ಕಾಯಬೇಕೇ ಎಂದು ಕೇಳಿ, ಅಲ್ಲೇ ಕೂತರು. ಅದೇ ಹೆಚ್ಚು ನೋಯಿಸಿತು.

ಅಕ್ಕ ಹೆಡ್‌ಸೆಟ್ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನಂಬರ್ ಸರಿಯಾಗೇ ಕೇಳಿಸ್ತು ಕಣೇ. ಬಾಯಲ್ಲೂ ಹೇಳ್ದೆ. ಕೈ ಮಾತ್ರ ಹಳೇ ಕಡೆಗೇ ಹೋಯ್ತು."

ಆ ಕರೆಯನ್ನು ನಾನೇ ಎದ್ದು ಹೋಗಿ ಮತ್ತೆ ಹಿಡಿದೆ. ತಾಯಿ, ಮಗು ಕ್ಷೇಮ ಎಂದು ತಿಳಿಯುವ ಹೊತ್ತಿಗೆ ಹೊರಗೆ ಬಿಸಿಲಿಳಿದಿತ್ತು.

ಮರುದಿನ ಸೂಪರ್‌ವೈಸರ್ ಹತ್ತಿರ, ಗಂಟೆಗೊಮ್ಮೆ ಜಾಗ ಬದಲಿಸುತ್ತೇವೆ ಎಂದೆ. ಹೊಸ ಕೈ ಕೂತರೆ ಚೀಟಿಗಳು ಇನ್ನಷ್ಟು ಬೆಳೆಯುತ್ತವೆ ಎಂದು ಅವರು ಗೊಣಗಿಯೇ ಒಪ್ಪಿದರು. ಅಕ್ಕ, ನಾನು ಬೋರ್ಡು ಅದಲುಬದಲು ಮಾಡಿಕೊಂಡೆವು. ಒಂದು ವಾರವಾದರೂ ಅಕ್ಕನ ದಣಿವು ಹಾಗೇ ಇತ್ತು. ಈಗ ನನಗೂ ತಲೆನೋವು.

"ಎರಡೂ ಒಂದೇ ಕಣೇ," ಎಂದರು ಅಕ್ಕ. "ಅಲ್ಲೂ ಕಿವಿ, ಇಲ್ಲೂ ಕಿವಿ. ಕಿಟಕಿಗೆ ಹಾಕ್ರೇ ನನ್ನ."

ಕಿಟಕಿಯಲ್ಲಿ ಹೆಡ್‌ಸೆಟ್ ಇಲ್ಲ. ಎದುರಿಗೆ ಜನರ ಮುಖ ಕಾಣುತ್ತದೆ, ನಡುನಡುವೆ ಎದ್ದು ಓಡಾಡಬಹುದು. ಆಮೇಲೆ ಮೂವರೂ ಸರದಿಯಂತೆ ಕೂತೆವು. ಹಿಡಿದ ಕರೆ ಮುಗಿಸದೆ ಯಾರೂ ಏಳುವಂತಿರಲಿಲ್ಲ. ಯಾವ ಊರಿನ ಲೈನು ಕೆಟ್ಟಿದೆ, ಯಾರ ಕರೆ ತುರ್ತಿನದು ಎಂದು ಮುಂದಿನವರಿಗೆ ಬಾಯಲ್ಲಿ ಹೇಳಿಯೇ ಎದ್ದುಹೋಗಬೇಕು. ಕಿಟಕಿಯವಳು ಟ್ರಂಕ್ ಕಲಿಯುವವರೆಗೆ ಜನ ಹೆಚ್ಚೇ ಕಾದರು, ಬೈದರು. ಕ್ರಮೇಣ ತಪ್ಪು ಜೋಡಣೆ ಕಡಿಮೆಯಾಯಿತು. ಚೀಟಿಗಳೇನೂ ಕಡಿಮೆಯಾಗಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನತ್ತ ಮೂವರೂ ಕಾಲೆಳೆದುಕೊಂಡೇ ನಡೆಯುತ್ತಿದ್ದೆವು. ಆದರೆ ದಾರಿಯಲ್ಲಿ ಅಕ್ಕ ಈಗ ಮನೆಯ ವಿಷಯ ಮಾತಾಡುತ್ತಿದ್ದರು.