ಒಂದೇ ನಂಬರಿನ ಚಪ್ಪಲಿ

ಬೀದಿಗೆಲ್ಲ ಅವನು ಚಪ್ಪಲಿ ಸಾಹುಕಾರ. ಹೆಸರಿಗಷ್ಟೇ ಸಾಹುಕಾರ, ಅಂಗಡಿ ಬಾಡಿಗೆಯದು. ಆದರೆ ವ್ಯಾಪಾರದಲ್ಲಿ ಅವನ ಕಿವಿಗೆ ಹೂವಿಡುವುದು ಯಾರಿಂದಲೂ ಆಗುತ್ತಿರಲಿಲ್ಲ. ಹೊಸ ಮಾದರಿ ಎಷ್ಟೇ ಚೆನ್ನಾಗಿರಲಿ, ಆರನೇ ನಂಬರಿನಿಂದ ಹತ್ತರವರೆಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ತರಿಸುತ್ತಿದ್ದ. ಗಿರಾಕಿಯ ಕಾಲು ನಮ್ಮ ಮಾತು ಕೇಳುತ್ತದೆಯೇ ಎನ್ನುತ್ತಿದ್ದ.

ಮಳಿಗೆ ಮಾರುತ್ತೇನೆ, ಮೊದಲು ನಿನಗೇ ಕೊಡುತ್ತೇನೆ, ವರ್ಷದೊಳಗೆ ದುಡ್ಡು ಹೊಂದಿಸು ಎಂದು ಮಾಲೀಕ ಹೇಳಿದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬ್ಯಾಂಕಿನ ಠೇವಣಿಯೆಲ್ಲ ಸೇರಿಸಿದರೂ ಕಾಲುಭಾಗ ಕಡಿಮೆ ಬೀಳುತ್ತಿತ್ತು. ಸಾಲಕ್ಕೆ ಹೊರಟವನನ್ನು ತಡೆದವನು ಹೆಂಡತಿಯ ತಮ್ಮ. ಷೇರು ದಲ್ಲಾಳಿಯ ಕಚೇರಿಯಲ್ಲೇ ಬಿದ್ದಿರುತ್ತಿದ್ದ ಆಸಾಮಿ. ಚಿಕ್ಕವನಿದ್ದಾಗ ಅವನಿಗೆ ಶೂ ಲೇಸು ಕಟ್ಟಲು ಕಲಿಸಿದ್ದು ಈ ಭಾವನೇ.

ಪಂಪು ತಯಾರಿಸುವ ಸಣ್ಣ ಕಂಪನಿಯೊಂದಕ್ಕೆ ದೊಡ್ಡ ಆರ್ಡರ್ ಬರುತ್ತಿದೆಯಂತೆ, ಹೊರಗಿನವರಿಗೆ ಇನ್ನೂ ಗೊತ್ತಿಲ್ಲವಂತೆ, ದುಡ್ಡು ಎರಡರಷ್ಟಾಗುವುದು ಗ್ಯಾರಂಟಿಯಂತೆ, ತಾನೂ ಅದನ್ನೇ ಕೊಂಡಿದ್ದಾನಂತೆ. ಬೆಲೆ ದಿನವೂ ಏರುತ್ತಿದ್ದದ್ದಂತೂ ಕಣ್ಣಿಗೇ ಕಾಣುತ್ತಿತ್ತು. ಹತ್ತನೇ ನಂಬರು ಎರಡು ಜೊತೆ ಜಾಸ್ತಿ ತರಿಸಲೂ ಹಿಂದೆಮುಂದೆ ನೋಡುವ ಪುಣ್ಯಾತ್ಮ ಠೇವಣಿಯೆಲ್ಲ ಒಡೆಸಿ ಅದೊಂದೇ ಷೇರಿಗೆ ಸುರಿದ.

ಮೊದಲ ವಾರ ಹಾಲು ಕುಡಿದಷ್ಟು ಸಂತೋಷ. ಆಮೇಲೆ ಒಂದು ಬೆಳಿಗ್ಗೆ ಬೆಲೆ, ಒಂದು ದಿನಕ್ಕೆ ಇಷ್ಟೇ ಇಳಿಯಬಹುದೆಂದು ಷೇರುಪೇಟೆ ಹಾಕಿದ ಮಿತಿಯವರೆಗೂ ಇಳಿದು ಅಲ್ಲೇ ನಿಂತಿತು. ಮಾರುವವರ ಸಾಲು ಉದ್ದಕ್ಕಿತ್ತು, ಕೊಳ್ಳುವವರು ಒಬ್ಬರೂ ಇರಲಿಲ್ಲ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಬೆಳಿಗ್ಗೆ ಮಾರಲು ಹಾಕಿದ್ದು ಸಂಜೆ ಮಾರಾಟವಾಗದೆ ಹಿಂದಿರುಗುತ್ತಿತ್ತು. ಕೊನೆಗೆ ಯಾರೋ ಕೊಂಡಾಗ ಕೈಗೆ ಬಂದದ್ದು ಹಾಕಿದ್ದರ ಆರರಲ್ಲೊಂದು ಪಾಲು.

ಪಾಪ, ಅವನದೂ ಹೋಗಿರಬೇಕು ಎಂದು ಭಾವಮೈದನನ್ನು ಸಮಾಧಾನ ಮಾಡಲು ಸಾಹುಕಾರ ತಾನೇ ಹೋದ.

"ನಿಂದೆಷ್ಟು ಹೋಯ್ತೋ?"

ಅವನು ತಲೆ ಎತ್ತಲಿಲ್ಲ. "ನಂದು ಹೋಗ್ಲಿಲ್ಲ ಭಾವ. ನೀವು ತಗೊಂಡ ದಿನಾನೇ ನಾನು ಮಾರ್ದೆ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ನಾನು ಮಾರ್ಬೇಕಂದ್ರೆ ಕೊಳ್ಳೋರು ಯಾರಾದ್ರೂ ಬೇಕಲ್ಲ ಭಾವ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ದುಡ್ಡಿಗಿಂತ ಹೆಚ್ಚಾಗಿ ಆ 'ಭಾವ' ಎಂಬ ಮಾತು ಸಾಹುಕಾರನನ್ನು ಸುಟ್ಟಿತು. ಅಂದಿಗೇ ಭಾವಮೈದನಿಗೆ ಮನೆಯ ಬಾಗಿಲು ಮುಚ್ಚಿತು. ಮಳಿಗೆ ಬೇರೆಯವರ ಪಾಲಾಯಿತು. ಹೊಸ ಮಾಲೀಕ ಬಂದವನೇ ಬಾಡಿಗೆ ಏರಿಸಿದ. ಊರಿಗೆಲ್ಲ ಒಂದೇ ನಂಬರಿನ ಚಪ್ಪಲಿ ತರಿಸಿದ ದಡ್ಡ ನಾನು ಎಂದು ಸಾಹುಕಾರ ತನ್ನನ್ನೂ ಬೈದುಕೊಂಡ.

ಮತ್ತೆ ನಾಲ್ಕು ಕಾಸು ಸೇರಲು ವರ್ಷಗಳೇ ಹಿಡಿದವು. ಈ ಸಲ ಬೇಗ ಬೇಕಾಗುವ ದುಡ್ಡನ್ನು ಬ್ಯಾಂಕಿನಲ್ಲಿಟ್ಟ, ಸ್ವಲ್ಪವನ್ನು ಸರ್ಕಾರಿ ಬಾಂಡಿಗೆ ಹಾಕಿದ, ಐವತ್ತು ಕಂಪನಿಗಳ ಷೇರಿರುವ ಫಂಡೊಂದಕ್ಕೆ ತಿಂಗಳಿಗಿಷ್ಟು ಎಂದು ಕಟ್ಟತೊಡಗಿದ. ಇದರಲ್ಲೂ ನಷ್ಟ ಬರಬಹುದು, ಆದರೆ ಒಂದು ಕಂಪನಿ ಮುಳುಗಿತೆಂದು ಎಲ್ಲವೂ ಮುಳುಗುವುದಿಲ್ಲ ಎಂದು ಬ್ಯಾಂಕಿನಾಕೆ ವಿವರಿಸಿದ್ದಳು. ಊಟಕ್ಕೆ ಕೂತಾಗ ಹೆಂಡತಿಗೆ ಅದನ್ನೇ ಜಂಬದಿಂದ ಹೇಳಿದ.

ಅವಳು ಬಡಿಸುತ್ತಿದ್ದ ಕೈ ನಿಲ್ಲಿಸಿದಳು.

"ದುಡ್ಡನ್ನೇನೋ ನಾಲ್ಕು ಕಡೆ ಇಟ್ರಿ," ಎಂದಳು. "ನಂಗಿದ್ದಿದ್ದು ಒಬ್ನೇ ತಮ್ಮ."