ಒಂಬತ್ತನೆಯ ಪುಟದ ಬಾಣ

ನಾನು ಅವಳನ್ನು ಮೊದಲು ಕಂಡದ್ದು ಶಿಕ್ಷಕರ ಕೊಠಡಿಯ ಬಾಗಿಲಲ್ಲಿ. ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮಕ್ಕಳಿಗೆ ಹಿಂದಿರುಗಿಸಿದ ದಿನ ಅದು. ಎರಡು ಜಡೆ, ಮೊಣಕೈ ಹತ್ತಿರ ಹೊಲಿಗೆ ಹಾಕಿದ ಸಮವಸ್ತ್ರ, ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ನಾನು ಭಾಷಾ ಶಿಕ್ಷಕ. ನನ್ನ ಮೇಜಿನ ಪಕ್ಕದ್ದೇ ಅರ್ಥಶಾಸ್ತ್ರದ ಮೇಷ್ಟ್ರ ಮೇಜು. ಅವಳು ನೆಟ್ಟಗೆ ಅಲ್ಲಿಗೆ ಬಂದು ನಿಂತಳು.

"ಸಾರ್, ಏಳನೇ ಪ್ರಶ್ನೆಗೆ ಸೊನ್ನೆ ಹಾಕಿದ್ದೀರಿ. ಎಂಟು ಅಂಕದ್ದು."

"ಹೌದು, ಹಾಕಿದ್ದೀನಿ. ಏನೀಗ?"

"ಉತ್ತರ ಸರಿಯಾಗಿದೆ ಸಾರ್."

ಬೆಲೆ ಏರಿದರೆ ಬೇಡಿಕೆ ರೇಖೆ ಏನಾಗುತ್ತದೆ ಎಂಬುದು ಪ್ರಶ್ನೆ. ರೇಖೆ ಎಡಕ್ಕೆ ಸರಿಯುತ್ತದೆ ಎಂದು ಮೇಷ್ಟ್ರು ವರ್ಷವಿಡೀ ಬರೆಸಿದ್ದರು. ರೇಖೆ ಇದ್ದಲ್ಲೇ ಇರುತ್ತದೆ, ನಾವು ಅದೇ ರೇಖೆಯ ಮೇಲೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುತ್ತೇವೆ ಎಂದು ಈ ಹುಡುಗಿ ಬರೆದಿದ್ದಳು. ಅವಳ ಅಪ್ಪ ಕೊಡೆ ರಿಪೇರಿ ಮಾಡಿ, ಹೊಸ ಕೊಡೆಗಳನ್ನೂ ಮಾರುವವನು. ಅದನ್ನೇ ಉದಾಹರಣೆ ಕೊಟ್ಟಿದ್ದಳು.

"ಸಾರ್, ನಮ್ಮಪ್ಪ ಬೆಲೆ ಇಳಿಸಿದ್ರೆ ಕೊಡೆ ಜಾಸ್ತಿ ಹೋಗುತ್ತೆ. ಮಳೆ ಹಿಡಿದ್ರೆ ಬೆಲೆ ಇಳಿಸದಿದ್ರೂ ಜಾಸ್ತಿ ಹೋಗುತ್ತೆ. ಎರಡೂ ಒಂದೇ ಅಲ್ವಲ್ಲ ಸಾರ್? ಮಳೆ ಬಂದಾಗ ಮಾತ್ರ ರೇಖೆ ಸರಿಯೋದು."

ಮೇಷ್ಟ್ರು ಕನ್ನಡಕ ತೆಗೆದು ಕೊಠಡಿಯ ಸುತ್ತ ಒಮ್ಮೆ ನೋಡಿದರು. "ಕೇಳಿದ್ರೇನ್ರೀ? ಕೊಡೆ ಪಂಡಿತೆ ಬಂದಿದ್ದಾಳೆ, ನನಗೆ ಪಾಠ ಹೇಳೋಕೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವಳಿಗೆ ಬಂದದ್ದು ಮೂವತ್ತೊಂದು ಅಂಕ. ಪಾಸಾಗಲು ಮೂವತ್ತೈದು ಬೇಕು. ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಲು ಅಪ್ಪ ಬಿಡಲಿಲ್ಲ. "ಓದಿದ್ದು ಸಾಕು, ಟೈಪಿಂಗ್ ಕಲಿ" ಅಂದ. ಶಾಲೆ ತಪ್ಪಿತು, ಹೆಸರು ಮಾತ್ರ ಉಳಿಯಿತು. ಓಣಿಯ ಮಕ್ಕಳೆಲ್ಲ ಅವಳನ್ನು ಕೊಡೆ ಪಂಡಿತೆ ಎಂದೇ ಕೂಗುತ್ತಿದ್ದರು.

ಇಪ್ಪತ್ತೆರಡು ವರ್ಷಗಳಾದ ಮೇಲೆ, ಶಾಲೆಯ ಗೇಟಿನ ಎದುರಿಗೇ ಅವಳ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇತ್ತು. ಬೋರ್ಡಿನ ಮೇಲೆ ದೊಡ್ಡದೊಂದು ಕಪ್ಪು ಕೊಡೆಯ ಚಿತ್ರ. ಅಪರಿಚಿತರು ಮುರಿದ ಕೊಡೆ ಹಿಡಿದು ಬಂದು, "ಕಡ್ಡಿ ಹಾಕಿ ಕೊಡ್ತೀರಾ?" ಎಂದು ಕೇಳುವುದಿತ್ತು. "ಇಲ್ಲಿ ಬೇರೆ ರಿಪೇರಿ ನಡೆಯುತ್ತೆ" ಎಂದು ಕಳಿಸುತ್ತಿದ್ದಳು. ಆ ಮಾತಿನ ಅರ್ಥ ನನಗೆ ಹೊಳೆದದ್ದು ಬಹಳ ತಡವಾಗಿ.

ನಾನು ಆಗ ನಿವೃತ್ತನಾಗಿ ಮೂರು ವರ್ಷ. ಒಂದು ಬೆಳಿಗ್ಗೆ ಅವಳು ಫೋನು ಮಾಡಿದಳು. "ಮೇಷ್ಟ್ರೇ, ಒಂದು ಪುಸ್ತಕದ ಪ್ರೂಫು ನೋಡಿ ಕೊಡ್ಬೇಕು. ಕಾಗುಣಿತ ಮಾತ್ರ. ಅರ್ಥದ ತಂಟೆಗೆ ಹೋಗ್ಬೇಡಿ."

ಹನ್ನೆರಡು ಪುಟದ ಪುಸ್ತಿಕೆ. 'ಬೇಡಿಕೆ, ಪೂರೈಕೆ, ಸ್ಥಿತಿಸ್ಥಾಪಕತ್ವ: ಪದಕೋಶ ಮತ್ತು ಪರಿಕಲ್ಪನಾ ನಕ್ಷೆ.' ಬರೆದವರು ಅದೇ ಅರ್ಥಶಾಸ್ತ್ರದ ಮೇಷ್ಟ್ರು. ಅವರ ನಿವೃತ್ತಿಗೆ ಇನ್ನು ಎರಡು ತಿಂಗಳು. ಸುತ್ತಲಿನ ಇಪ್ಪತ್ತು ಹೈಸ್ಕೂಲುಗಳ ಅರ್ಥಶಾಸ್ತ್ರ ಶಿಕ್ಷಕರ ತರಬೇತಿಯಲ್ಲಿ ಅದು ಬಿಡುಗಡೆಯಾಗಿ, ಅಲ್ಲಿ ಒಪ್ಪಿಗೆ ಸಿಕ್ಕರೆ ಎಲ್ಲ ಶಾಲೆಯ ಮಕ್ಕಳಿಗೂ ಅಚ್ಚಾಗಬೇಕು. ಹೆಸರು ಉಳಿಯುವ ಕೆಲಸ.

ಪದಕೋಶದಲ್ಲಿ ತಪ್ಪಿರಲಿಲ್ಲ. ನಾಲ್ಕನೆಯ ಪುಟದಲ್ಲಿ, "ಬೇಡಿಕೆ ರೇಖೆಯ ಪಲ್ಲಟ: ಆದಾಯ, ಅಭಿರುಚಿ, ಬದಲಿ ಸರಕಿನ ಬೆಲೆ ಮುಂತಾಗಿ, ಆ ಸರಕಿನ ಸ್ವಂತ ಬೆಲೆಯನ್ನು ಬಿಟ್ಟು ಉಳಿದ ಕಾರಣಗಳಿಂದ ರೇಖೆಯೇ ಎಡಕ್ಕೋ ಬಲಕ್ಕೋ ಸರಿಯುವುದು" ಎಂದು ಸ್ಪಷ್ಟವಾಗಿತ್ತು. ಪಠ್ಯಪುಸ್ತಕದಿಂದ ಇಳಿಸಿಕೊಂಡದ್ದೆಂದು ಕಾಣುತ್ತದೆ. ಒಂಬತ್ತನೆಯ ಪುಟದ ನಕ್ಷೆ ಮಾತ್ರ ಮೇಷ್ಟ್ರ ಸ್ವಂತದ್ದು. ಪೂರೈಕೆಯ ಕಡೆಯ ಬಾಣಗಳು ಸರಿಯಾಗಿದ್ದವು. ಕಚ್ಚಾವಸ್ತುವಿನ ಬೆಲೆ, ತಂತ್ರಜ್ಞಾನ, ತೆರಿಗೆ ಎಲ್ಲವೂ ಪೂರೈಕೆ ರೇಖೆಯನ್ನು ಸರಿಸುತ್ತಿದ್ದವು. ಬೇಡಿಕೆಯ ಕಡೆ ಮಾತ್ರ 'ಸರಕಿನ ಬೆಲೆ ಏರಿಕೆ' ಎಂಬ ಚೌಕದಿಂದ ಹೊರಟ ಬಾಣ 'ರೇಖೆ ಎಡಕ್ಕೆ' ಎಂಬ ಚೌಕಕ್ಕೆ ಚುಚ್ಚಿಕೊಂಡಿತ್ತು. ಅದರ ಕೆಳಗೇ 'ಸ್ಥಿತಿಸ್ಥಾಪಕತ್ವ', ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆಂಬ ಅಳತೆಯ ಚೌಕ, ನೇತಾಡುತ್ತಿತ್ತು. ಇಪ್ಪತ್ತೆರಡು ವರ್ಷ ಕಳೆದರೂ ಮೇಷ್ಟ್ರು ಆ ಹಳೆಯ ಟಿಪ್ಪಣಿಯಿಂದ ಕದಲಿರಲಿಲ್ಲ.

ನಾನು ಅಂಗಡಿಗೆ ಓಡಿದೆ. "ಇದು ತಪ್ಪಲ್ಲವೇನಮ್ಮ?"

"ತಪ್ಪೇ."

"ಅವರಿಗೆ ಹೇಳಿದೆಯಾ?"

"ಹೇಳ್ದೆ ಮೇಷ್ಟ್ರೇ. ಮೊದಲನೇ ದಿನವೇ ಕೇಳ್ದೆ, ಸಾರ್ ಈ ಬಾಣ ಸರೀನಾ, ನಾಲ್ಕನೇ ಪುಟದಲ್ಲಿ ಬೇರೆ ಇದೆಯಲ್ಲ ಅಂತ. 'ಏನಮ್ಮ, ನಿನ್ನ ಕೆಲಸ ಟೈಪು ಮಾಡೋದು, ಮಾಡು' ಅಂದ್ರು. ನಾನ್ಯಾರು ಅಂತ ಗುರುತೂ ಸಿಗ್ಲಿಲ್ಲ ಅವರಿಗೆ. ಎರಡನೇ ಪ್ರೂಫಿಗೂ ಕೇಳ್ದೆ, ಮೂರನೇದಕ್ಕೂ ಕೇಳ್ದೆ. ಇನ್ನು ಕೇಳಲ್ಲ."

ಡ್ರಾಯರು ಎಳೆದು ತೋರಿಸಿದಳು. ಮೇಷ್ಟ್ರ ಕೈಬರಹದ ನಕ್ಷೆ, ಮೂರು ಪ್ರೂಫು. ಪ್ರತಿಯೊಂದರ ಮೇಲೂ 'ಅಚ್ಚಿಗೆ ಸರಿ' ಎಂದು ಕೆಂಪು ಶಾಯಿಯ ಸಹಿ, ತಾರೀಖು. ಅದರಡಿ ಪ್ಲಾಸ್ಟಿಕ್ ಹಾಳೆಯೊಳಗೆ ಹಳದಿಯಾದ ಒಂದು ಉತ್ತರಪತ್ರಿಕೆ. ಅವಳು ಆ ತಪ್ಪನ್ನು ಹಾಗೇ ಅಚ್ಚು ಹಾಕಲಿದ್ದಾಳೆಂದು ನನಗೆ ಹೊಳೆಯಿತು.

"ಬೇಡಮ್ಮ. ಮಕ್ಕಳು ತಪ್ಪು ಕಲಿಯುತ್ತಾರೆ."

"ಮಕ್ಕಳ ಕೈಗೆ ಒಂದು ಪ್ರತೀನೂ ಹೋಗಲ್ಲ. ತರಬೇತಿಗೆ ಇಪ್ಪತ್ತೈದು ಪ್ರತಿ, ಅಷ್ಟೇ. ಅಲ್ಲಿ ಕೂತಿರೋರೆಲ್ಲ ವಿಷಯ ಬಲ್ಲೋರು. ಸರಿ ಮಾಡಿದ ನಕ್ಷೆ ಕಂಪ್ಯೂಟರಲ್ಲಿ ರೆಡಿ ಇದೆ." ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಹೇಳಿದಳು. "ಅವತ್ತು ನೀವೂ ನಕ್ಕಿದ್ರಿ ಮೇಷ್ಟ್ರೇ. ಅದಕ್ಕೇ ನಿಮ್ಮ ಪ್ರೂಫಿಗೆ ದುಡ್ಡು ಕೊಡಲ್ಲ. ಬಾಯಿ ಮುಚ್ಚಿಕೊಂಡು ಕಾಗುಣಿತ ನೋಡಿ."

ನೋಡಿದೆ. ಮತ್ತೇನು ಮಾಡಲಿ? ಎರಡು 'ಷ'ಕಾರ ತಿದ್ದಿ ಕೊಟ್ಟು ಬಂದೆ.

ತರಬೇತಿ ನಡೆದದ್ದು ನಮ್ಮ ಶಾಲೆಯ ಪ್ರಯೋಗಾಲಯದ ಪಕ್ಕದ ಹಾಲಿನಲ್ಲಿ. ಹಳಬನೆಂದು ನನ್ನನ್ನೂ ಕರೆದಿದ್ದರು. ಪ್ರತಿಗಳನ್ನು ಅವಳೇ ತಂದು, ಒಬ್ಬೊಬ್ಬರ ಮುಂದೆ ಒಂದೊಂದಾಗಿ ಇಟ್ಟು, ಹಿಂದಿನ ಗೋಡೆಗೆ ಒರಗಿ ನಿಂತಳು. ಮೇಷ್ಟ್ರು ಹೊಸ ಅಂಗಿ ತೊಟ್ಟು, ನಕ್ಷೆಯನ್ನು ಪರದೆಯ ಮೇಲೆ ಹಾಕಿಸಿ ಅರ್ಧ ಗಂಟೆ ಮಾತಾಡಿದರು. ಚಪ್ಪಾಳೆಯೂ ಬಿತ್ತು.

ಮೂರನೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಯುವ ಶಿಕ್ಷಕಿ ಕೈ ಎತ್ತಿದಳು. "ಸಾರ್, ಒಂಬತ್ತನೇ ಪುಟ. ಬೆಲೆ ಏರಿದ್ರೆ ರೇಖೆಯೇ ಎಡಕ್ಕೆ ಹೋಗುತ್ತೆ ಅಂತಿದೆಯಲ್ಲ. ಹಾಗಾದ್ರೆ ಸ್ಥಿತಿಸ್ಥಾಪಕತ್ವ ಅಳೆಯೋದು ಹೇಗೆ? ಬೇಡಿಕೆಯ ಪ್ರಮಾಣ ಶೇಕಡ ಎಷ್ಟು ಬದಲಾಯ್ತು ಅನ್ನೋದನ್ನ, ಬೆಲೆ ಶೇಕಡ ಎಷ್ಟು ಬದಲಾಯ್ತು ಅನ್ನೋದರಿಂದ ಭಾಗಿಸ್ತೀವಿ. ಅದು ಒಂದೇ ರೇಖೆಯ ಎರಡು ಬಿಂದುಗಳ ನಡುವಿನ ಲೆಕ್ಕ. ರೇಖೆಯೇ ಎದ್ದು ಹೋದ್ರೆ ಯಾವ ಬಿಂದು ಹಿಡಿಯೋಣ?"

ಇನ್ನೊಬ್ಬರು ಪುಟ ಮಗುಚಿದರು. "ನಾಲ್ಕನೇ ಪುಟದಲ್ಲಿ ಇದಕ್ಕೆ ತದ್ವಿರುದ್ಧ ಇದೆಯಲ್ರೀ."

ಮೇಷ್ಟ್ರು ಪರದೆ ನೋಡಿದರು, ಪುಸ್ತಿಕೆ ನೋಡಿದರು. ಆಮೇಲೆ ನಕ್ಕುಬಿಟ್ಟರು. "ಅಯ್ಯೋ, ಇದು ಟೈಪಿಂಗ್ ತಪ್ಪು. ಆ ಜೆರಾಕ್ಸ್ ಅಂಗಡಿಯವಳು ಬಾಣ ಎಲ್ಲೆಲ್ಲೋ ಎಳೆದಿದ್ದಾಳೆ. ಓದು ಬರಹ ಇಲ್ಲದವರ ಕೈಗೆ ಕೊಟ್ರೆ ಹೀಗೇ ಆಗೋದು."

ಆ ಒಂದು ಮಾತಿಗಾಗಿಯೇ ಅವಳು ಗೋಡೆಗೆ ಒರಗಿ ಕಾಯುತ್ತಿದ್ದಳೆಂದು ನನ್ನ ನಂಬಿಕೆ. ಆತುರವಿಲ್ಲದೆ ನಡೆದು ಬಂದು ಕೈಬರಹದ ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. ಅದರ ಪಕ್ಕದಲ್ಲಿ ಮೊದಲನೆಯ ಪ್ರೂಫು. ಎರಡನೆಯದು. ಮೂರನೆಯದು.

"ಸಾರ್, ಈ ಬಾಣ ನಿಮ್ಮ ಕೈಯದ್ದು. ಈ ಸಹಿ ನಿಮ್ದು. ಇದೂ ನಿಮ್ದು. ಇದೂ ನಿಮ್ದೇ. ಮೂರು ಸಲ ಕೇಳಿದ್ದೆ."

ಅವಳು ಪ್ಲಾಸ್ಟಿಕ್ ಹಾಳೆಯಿಂದ ಉತ್ತರಪತ್ರಿಕೆಯನ್ನು ತೆಗೆದು ಆ ಯುವ ಶಿಕ್ಷಕಿಯ ಕೈಗೆ ಕೊಟ್ಟಳು. "ಮೇಡಂ, ಏಳನೇ ಉತ್ತರ ಸ್ವಲ್ಪ ಜೋರಾಗಿ ಓದ್ತೀರಾ?"

ಆಕೆ ಓದಿದಳು. ಕೊಡೆ, ಬೆಲೆ, ಮಳೆ, ಅದೇ ರೇಖೆ, ಬೇರೆ ರೇಖೆ. ಓದುತ್ತ ಓದುತ್ತ ಆಕೆಯ ಮುಖ ಅರಳಿತು. "ಎಷ್ಟು ಚೆನ್ನಾಗಿ ಬರೆದಿದ್ದಾರೆ! ಇದನ್ನೇ ಪುಸ್ತಿಕೆಗೆ ಹಾಕಬಹುದಿತ್ತು. ಇದಕ್ಕೆ ಯಾರು ಸೊನ್ನೆ ಕೊಟ್ಟಿದ್ದು?"

ಮೇಷ್ಟ್ರು ಕನ್ನಡಕ ತೆಗೆದು ಅಂಗಡಿಯವಳ ಮುಖವನ್ನು ದಿಟ್ಟಿಸಿದರು. "ಕೊಡೆ..." ಅಂದವರು ಮುಂದಿನ ಮಾತನ್ನು ನುಂಗಿಕೊಂಡರು.

"ಹೌದು ಸಾರ್. ಪಂಡಿತೆ." ಅವಳು ಕೆಂಪು ಪೆನ್ನಿನ ಮುಚ್ಚಳ ತೆಗೆದು ಅವರತ್ತ ಚಾಚಿದಳು. "ಮಾರ್ಕ್ಸ್ ಹಾಕಿ."

ಮುಂದೆ ಕೂತಿದ್ದ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರು ನೆಲ ನೋಡುತ್ತಿದ್ದರು. ಬಿಡಿಸುವವರು ಯಾರೂ ಇರಲಿಲ್ಲ. ಮೇಷ್ಟ್ರು ಪೆನ್ನು ತೆಗೆದುಕೊಂಡು, ಸೊನ್ನೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದರು. ಅವಳು ಬಗ್ಗಿ ನೋಡಿದಳು.

"ಏಳಾ? ಒಂದು ಯಾಕೆ ಕಳೆದ್ರಿ ಸಾರ್?"

"ಅಕ್ಷರ ಚೆನ್ನಾಗಿಲ್ಲ" ಎಂದರು ಮೇಷ್ಟ್ರು.

ಮೂವತ್ತೊಂದಕ್ಕೆ ಏಳು ಸೇರಿದರೆ ಮೂವತ್ತೆಂಟು. ಪಾಸು. ಆದರೆ ಅವಳ ಮುಖದಲ್ಲಿ ಪಾಸಾದವರ ಕಳೆ ಇರಲಿಲ್ಲ. ಅಂದು ಸಂಜೆ ನಾನು, "ಆಯಿತಲ್ಲಮ್ಮ, ಇನ್ನು ಬಿಡು" ಎಂದೆ.

"ಎಲ್ಲಿ ಆಯ್ತು? ಇನ್ನೂ ಒಂದು ಅಂಕ ಇದೆ" ಅಂದಳು.

ಇದಾಗಿ ಆರು ವರ್ಷ. ಅವಳ ಕಂಪ್ಯೂಟರಿನಲ್ಲಿದ್ದ ಸರಿ ನಕ್ಷೆಯನ್ನು ಸೇರಿಸಿ, ಆ ಯುವ ಶಿಕ್ಷಕಿಯೇ ಪುಸ್ತಿಕೆಯನ್ನು ಮಕ್ಕಳಿಗೆ ಅಚ್ಚು ಹಾಕಿಸಿದಳು. ಒಂಬತ್ತನೆಯ ಪುಟದಲ್ಲಿ ಈಗ 'ಬೆಲೆ'ಯಿಂದ ಹೊರಟ ಬಾಣ 'ಅದೇ ರೇಖೆಯ ಮೇಲೆ ಚಲನೆ' ಎಂಬ ಚೌಕಕ್ಕೆ ಹೋಗುತ್ತದೆ, ಅಲ್ಲಿಂದ 'ಸ್ಥಿತಿಸ್ಥಾಪಕತ್ವ'ಕ್ಕೆ. 'ಮಳೆ' ಎಂಬ ಚೌಕದಿಂದ ಹೊರಟದ್ದು ಮಾತ್ರ 'ರೇಖೆ ಬಲಕ್ಕೆ' ಹೋಗುತ್ತದೆ. ಪಕ್ಕದಲ್ಲಿ ಪುಟ್ಟ ಕೊಡೆ.

ಜೆರಾಕ್ಸಿಗೆ ನಿಂತ ಮಕ್ಕಳಿಗೆ ಅವಳು ಪುಕ್ಕಟೆ ಪಾಠ ಹೇಳುತ್ತಾಳೆ. "ಪಕ್ಕದ ಬೀದೀಲಿ ಇನ್ನೊಂದು ಅಂಗಡಿ ಬಂತಲ್ಲ, ಈಗ ನಾನು ಬೆಲೆ ಶೇಕಡ ಹತ್ತು ಏರಿಸಿದ್ರೆ ಗಿರಾಕಿಗಳಲ್ಲಿ ಶೇಕಡ ಮೂವತ್ತು ಜನ ಅಲ್ಲಿಗೆ ಓಡ್ತೀರಿ. ಸ್ಥಿತಿಸ್ಥಾಪಕತ್ವ ಎಷ್ಟು? ಮೂರು. ಅದಕ್ಕೇ ಏರಿಸಲ್ಲ, ನಿಮ್ಮ ಮೇಲಿನ ಪ್ರೀತಿಗಲ್ಲ."

ಮೇಷ್ಟ್ರು ನಿವೃತ್ತರಾಗಿ ಎರಡು ಬೀದಿ ಆಚೆ ಇದ್ದಾರೆ. ಪ್ರತಿವರ್ಷ ಶಾಲೆ ತೆರೆಯುವ ವಾರ ಹೊಸ ಮುದ್ರಣದ ಮೊದಲ ಪ್ರತಿಯನ್ನು ಅವಳು ಅಂಚೆಯಲ್ಲಿ ಅವರಿಗೆ ಕಳಿಸುತ್ತಾಳೆ. ಒಂಬತ್ತನೆಯ ಪುಟದ ಮೂಲೆ ಮಡಿಸಿರುತ್ತದೆ. ಅಂಚಿನಲ್ಲಿ 'ಇನ್ನೊಂದು ಅಂಕ?' ಎಂದು ಬರೆದಿರುತ್ತದೆ. ಒಮ್ಮೆ ನಾನು ತಡೆಯಲು ನೋಡಿದೆ. ಪಾಪ, ಮುದುಕರಾದರು, ಕಣ್ಣೂ ಕಾಣುವುದಿಲ್ಲ ಎಂದೆ.

"ಮೇಷ್ಟ್ರೇ, ನನ್ನ ಸಿಟ್ಟಿನ ಸ್ಥಿತಿಸ್ಥಾಪಕತ್ವ ಸೊನ್ನೆ. ನೀವು ಏನು ಬೆಲೆ ಕೊಟ್ರೂ ಒಂದು ಗುಲಗಂಜಿಯಷ್ಟೂ ಇಳಿಯಲ್ಲ."

ಮೊನ್ನೆ ಹೋದಾಗಲೂ ಅದೇ ಕೆಲಸದಲ್ಲಿದ್ದಳು. ಬಿಸಿ ಪ್ರತಿಗಳ ಕಟ್ಟಿನಿಂದ ಒಂದನ್ನು ಎಳೆದು, ಮೂಲೆ ಮಡಿಸಿ, ಉಗುರಿನಿಂದ ಗೀರಿ, ಕೆಂಪು ಪೆನ್ನು ಹುಡುಕಿದಳು. ಬರೆಯುವಾಗ ಮಾತ್ರ ಬಹಳ ನಿಧಾನ. ಒಂದೊಂದು ಅಕ್ಷರವನ್ನೂ ದುಂಡಗೆ ತಿದ್ದಿ ತಿದ್ದಿ ಬರೆದಳು. ಆಮೇಲೆ ಹಾಳೆಯನ್ನು ನನ್ನತ್ತ ತಿರುಗಿಸಿ ಕೇಳಿದಳು:

"ನೀವು ಭಾಷೆಯ ಮೇಷ್ಟ್ರು, ನೋಡಿ ಹೇಳಿ. ಈ ಸಲ ಅಕ್ಷರ ಚೆನ್ನಾಗಿದೆ ಅಲ್ವಾ?"